ಬೆಳಗಿನ ಜಿಮ್‌ಗೆ ಮುಂಚೆ ಪ್ರೋಟೀನ್ ಬಾರಾ, ಬಾಳೆಹಣ್ಣಾ?

ಪ್ರಶ್ನೆ: ಮೇಡಂ, ನನಗೆ 37 ವರ್ಷ, ತೂಕ 62 ಕೆ.ಜಿ. ಹಾಸನದಲ್ಲಿ ಶಾಲಾ ಶಿಕ್ಷಕಿ. ಬೆಳಗ್ಗೆ ಐದಕ್ಕೆ ಎದ್ದು ಐದೂಮುಕ್ಕಾಲಿಗೆ ಜಿಮ್‌ನಲ್ಲಿರುತ್ತೇನೆ. ಹೊರಡುವ ಮುಂಚೆ 20 ಗ್ರಾಂ ಪ್ರೋಟೀನ್ ಇರುವ ಒಂದು ಬಾರ್ ತಿನ್ನಿ, ಇಲ್ಲದಿದ್ದರೆ ಸ್ನಾಯು ಕರಗುತ್ತೆ ಅಂತ ಟ್ರೈನರ್ ಹೇಳಿದ್ದಾರೆ. ತಿಂದರೆ ಸ್ಕ್ವಾಟ್ ಮಾಡುವಾಗ ಹೊಟ್ಟೆ ತೊಳಸುತ್ತೆ, ತೇಗು ಬರುತ್ತೆ. ಮೂರನೇ ಸೆಟ್ ಮುಗಿಸಿ ಬಾರ್‌ಬೆಲ್ ಇಟ್ಟ ಕೂಡಲೇ ಕಣ್ಣು ಕತ್ತಲೆ ಬಂದಂತಾಗುತ್ತೆ, ಅರ್ಧ ನಿಮಿಷ ಕೂತರೆ ಸರಿಹೋಗುತ್ತೆ. ಕೊನೆಯ ಹೊತ್ತಿಗೆ ಕಾಲಲ್ಲಿ ಶಕ್ತಿಯೇ ಇರಲ್ಲ. ತೂಕ ಇಳಿಸಬೇಕು ಅಂತ ಎರಡು ತಿಂಗಳಿಂದ ರಾತ್ರಿ ಮುದ್ದೆ ಬಿಟ್ಟು ಹೆಸರುಕಾಳು ಉಸಲಿ, ಮಜ್ಜಿಗೆ ಮಾತ್ರ. ಗೆಳತಿ ಬಾಳೆಹಣ್ಣು ತಿನ್ನು ಅಂತಾಳೆ, ಅತ್ತೆ ಈ ಚಳಿಯಲ್ಲಿ ಬೆಳಗ್ಗೆ ಬಾಳೆಹಣ್ಣು ಬೇಡ ಅಂತಾರೆ. ಮೊಟ್ಟೆ ತಿನ್ನುತ್ತೇವೆ, ಸೋಮವಾರ ಶನಿವಾರ ಬಿಟ್ಟು. ಶುಗರ್ ಮಾತ್ರೆ ತಗೊಳ್ಳುವ ನಮ್ಮ ಯಜಮಾನರೂ ಜೊತೆಗೆ ಬರುತ್ತಾರೆ. ಇಬ್ಬರಿಗೂ ಒಂದೇ ತಿಂಡಿ ಆಗುತ್ತಾ?

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಮೂರು ಬೇರೆ ಬೇರೆ ತೊಂದರೆ. ಹೊಟ್ಟೆ ತೊಳಸುವುದು ಒಂದು. ಕಣ್ಣು ಕತ್ತಲೆ ಬರುವುದು ಇನ್ನೊಂದು. ಕಾಲಲ್ಲಿ ಶಕ್ತಿ ಇಲ್ಲದಿರುವುದು ಮತ್ತೊಂದು. ಮೂರನ್ನೂ ಸೇರಿಸಿ "ಬೆಳಗ್ಗೆ ಏನು ತಿನ್ನಲಿ" ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಮೂರರ ಕಾರಣವೂ ಬೇರೆ, ಮದ್ದೂ ಬೇರೆ. ಅದರಲ್ಲಿ ಒಂದರ ಮದ್ದು ಬೆಳಗಿನ ತಿಂಡಿಯಲ್ಲಿ ಇಲ್ಲವೇ ಇಲ್ಲ, ಹಿಂದಿನ ರಾತ್ರಿಯ ತಟ್ಟೆಯಲ್ಲಿದೆ.

ಮೊದಲು ಹೊಟ್ಟೆಯ ವಿಷಯ ನೋಡೋಣ. ನೀವು ಏಳುವುದು ಐದಕ್ಕೆ. ಮುಖ ತೊಳೆದು, ಬಟ್ಟೆ ಬದಲಿಸಿ, ಬಾಯಿಗೆ ಏನಾದರೂ ಹಾಕಿಕೊಳ್ಳುವಾಗ ಐದೂಕಾಲು ಆಗಿರುತ್ತೆ. ಐದೂಮುಕ್ಕಾಲಿಗೆ ವಾರ್ಮಪ್. ಅಂದರೆ ತಿಂದದ್ದಕ್ಕೆ ಸಿಗುವ ಸಮಯ ಅರ್ಧ ಗಂಟೆ. ಬಾರ್‌ನ ಪ್ರೋಟೀನಾ, ಬಾಳೆಹಣ್ಣಿನ ಕಾರ್ಬೋಹೈಡ್ರೇಟಾ ಅಂತ ತೀರ್ಮಾನ ಮಾಡಬೇಕಾದದ್ದು ಈ ಅರ್ಧ ಗಂಟೆಯನ್ನು ಇಟ್ಟುಕೊಂಡು. ಎರಡರಲ್ಲಿ ಯಾವುದು ಒಳ್ಳೆಯದು ಅನ್ನುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಆ ಬಾರ್‌ನ ಹಿಂಬದಿಯ ಪಟ್ಟಿ ಒಮ್ಮೆ ಓದಿ ನೋಡಿ. 20 ಗ್ರಾಂ ಪ್ರೋಟೀನ್ ಜೊತೆಗೆ ಸಾಮಾನ್ಯವಾಗಿ ಒಂದಷ್ಟು ಬಾದಾಮಿ ಅಥವಾ ಶೇಂಗಾ ಬೆಣ್ಣೆಯ ಕೊಬ್ಬು ಇರುತ್ತೆ, ಸೇರಿಸಿದ ನಾರು ಇರುತ್ತೆ. "ಸಕ್ಕರೆ ಸೇರಿಸಿಲ್ಲ" ಅಂತ ದೊಡ್ಡದಾಗಿ ಬರೆದಿದ್ದರೆ ಹೆಚ್ಚಿನ ಸಲ ಒಳಗೆ ಮಾಲ್ಟಿಟಾಲ್‌ನಂಥ ಸಿಹಿ ಪದಾರ್ಥ ಹಾಕಿರುತ್ತಾರೆ. ಪ್ರೋಟೀನ್, ಕೊಬ್ಬು, ನಾರು ಈ ಮೂರೂ ಹೊಟ್ಟೆಯಿಂದ ನಿಧಾನವಾಗಿ ಕೆಳಗಿಳಿಯುವಂಥವು. ಇಂಥ ಗಟ್ಟಿ ಬಾರ್ ಪೂರ್ತಿ ಹೊಟ್ಟೆ ಬಿಡಲು ಎರಡು ಮೂರು ಗಂಟೆ ಬೇಕಾಗುತ್ತೆ. ಮಾಲ್ಟಿಟಾಲ್ ಪೂರ್ತಿ ಜೀರ್ಣವಾಗುವುದೂ ಇಲ್ಲ. ಅದು ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತೆ. ಕೆಲವರಿಗೆ ಭೇದಿಯೂ ಆಗುತ್ತೆ.

ಇಷ್ಟು ಹೊಟ್ಟೆಯಲ್ಲಿ ಕೂತಿರುವಾಗಲೇ ನೀವು ಸ್ಕ್ವಾಟ್ ಶುರು ಮಾಡುತ್ತೀರಿ. ಜೋರು ವ್ಯಾಯಾಮದಲ್ಲಿ ದೇಹ ರಕ್ತವನ್ನು ಹೊಟ್ಟೆ, ಕರುಳಿನ ಕಡೆಯಿಂದ ಎಳೆದು ಕೆಲಸ ಮಾಡುತ್ತಿರುವ ಸ್ನಾಯುಗಳ ಕಡೆ ಕಳಿಸುತ್ತೆ. ಜೀರ್ಣ ಇನ್ನೂ ಮಂದವಾಗುತ್ತೆ. ಮೇಲಿಂದ ಭಾರ ಹೊತ್ತು, ಹೊಟ್ಟೆ ಬಿಗಿಹಿಡಿದು ಕೆಳಗೆ ಕೂರುವುದರಿಂದ ಒಳಗಿನ ಒತ್ತಡ ಏರಿ ಇದ್ದದ್ದು ಮೇಲಕ್ಕೆ ತಳ್ಳಲ್ಪಡುತ್ತೆ. ತೇಗು, ಹುಳಿ, ವಾಕರಿಕೆ ಬರುವುದು ಹೀಗೆ. ನಿಮ್ಮ ಹೊಟ್ಟೆಯಲ್ಲಿ ಏನೂ ಕೆಟ್ಟಿಲ್ಲ. ಹೊತ್ತಲ್ಲದ ಹೊತ್ತಲ್ಲಿ ಅದಕ್ಕೆ ಭಾರದ ಕೆಲಸ ಕೊಟ್ಟಿದ್ದೀರಿ, ಅಷ್ಟೇ.

ಹಾಗಾದರೆ ಟ್ರೈನರ್ ಹೇಳಿದ "ಸ್ನಾಯು ಕರಗುತ್ತೆ" ಅನ್ನುವ ಮಾತು? ಇದರಲ್ಲಿ ಒಂದು ಸಣ್ಣ ನಿಜ ಇದೆ. ಅದನ್ನು ಎಳೆದು ಎಳೆದು ದೊಡ್ಡದು ಮಾಡಿದ್ದಾರೆ. ರಾತ್ರಿ ಊಟವಾಗಿ ಎಂಟೊಂಬತ್ತು ಗಂಟೆ ಕಳೆದ ಮೇಲೆ ದೇಹದಲ್ಲಿ ಸ್ನಾಯುವಿನ ಪ್ರೋಟೀನ್ ಕಟ್ಟುವುದಕ್ಕಿಂತ ಒಡೆಯುವುದು ಸ್ವಲ್ಪ ಮುಂದಿರುತ್ತೆ. ಇದು ನೀವು ಜಿಮ್‌ಗೆ ಹೋದರೂ ಹೋಗದಿದ್ದರೂ ಪ್ರತಿ ಬೆಳಗ್ಗೆ ಎಲ್ಲರಿಗೂ ಆಗುವುದೇ. ತಿಂಡಿ ತಿಂದ ಕೂಡಲೇ ಲೆಕ್ಕ ತಿರುಗುತ್ತೆ. ಭಾರ ಎತ್ತುವ ವ್ಯಾಯಾಮ ಮಾಡಿದ ಸ್ನಾಯು ಒಂದು ದಿನಕ್ಕೂ ಹೆಚ್ಚು ಹೊತ್ತು ಪ್ರೋಟೀನನ್ನು ಚೆನ್ನಾಗಿ ಹಿಡಿದುಕೊಳ್ಳುತ್ತೆ. ಹಾಗಾಗಿ ಪ್ರೋಟೀನ್ ಐದೂಕಾಲಿಗೇ ಬೀಳಬೇಕು ಅಂತೇನಿಲ್ಲ. ಏಳೂವರೆಗೆ ಬಿದ್ದರೂ ಆ ಸ್ನಾಯು ಅದನ್ನು ಬಳಸಿಕೊಳ್ಳುತ್ತೆ. ವ್ಯಾಯಾಮಕ್ಕೆ ಮುಂಚೆ ಪ್ರೋಟೀನ್ ಕೊಟ್ಟ ಗುಂಪು, ಆಮೇಲೆ ಕೊಟ್ಟ ಗುಂಪು ಅಂತ ಮಾಡಿ ಹೋಲಿಸಿ ನೋಡಿದ್ದಾರೆ. ದಿನದ ಒಟ್ಟು ಪ್ರೋಟೀನ್ ಸಾಕಷ್ಟಿದ್ದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಜಿಮ್ ಮುಗಿಸಿ ಮನೆಗೆ ಹೋಗದೆ ಹಾಗೇ ಏಳು ಗಂಟೆಯ ಬಸ್ಸಿಗೆ ಬೇಲೂರಿಗೋ ಅರಸೀಕೆರೆಗೋ ಹೋಗಿ, ಹತ್ತೂವರೆಗೆ ತಿಂಡಿ ಕಾಣುವವರಿದ್ದಾರೆ. ಅಂಥವರಿಗೆ ರಾತ್ರಿ ಎಂಟರಿಂದ ಬೆಳಗ್ಗೆ ಹತ್ತೂವರೆವರೆಗೆ, ಹೆಚ್ಚುಕಡಿಮೆ ಹದಿನಾಲ್ಕು ಗಂಟೆ, ಪ್ರೋಟೀನೇ ಇಲ್ಲದೆ ಹೋಗುತ್ತೆ. ಅವರು ಜಿಮ್‌ಗೆ ಮುಂಚೆ ಸ್ವಲ್ಪ ಪ್ರೋಟೀನ್ ತಗೊಳ್ಳುವುದಕ್ಕೆ ಅರ್ಥ ಇದೆ. ಆದರೆ ಅದೂ ಬಾರ್ ಆಗಬಾರದು. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನು ಅರ್ಧ ಸ್ಕೂಪ್ ನೀರಲ್ಲಿ ಕಲಸಿ ಕುಡಿದರೆ ಬೇಗ ಇಳಿಯುತ್ತೆ. ಹಾಲಲ್ಲಿ ಕಲಸಿದರೆ ಹೊಟ್ಟೆಯ ಆಮ್ಲಕ್ಕೆ ಹಾಲು ಗರಣೆಕಟ್ಟಿ ತಡವಾಗುತ್ತೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರು ಪುಡಿ ಕೊಳ್ಳುವಾಗ "ಐಸೊಲೇಟ್" ಅಂತ ಇರುವುದನ್ನು ನೋಡಿ ತಗೊಳ್ಳಬೇಕು, ಅದರಲ್ಲಿ ಹಾಲಿನ ಸಕ್ಕರೆ ಬಹಳ ಕಡಿಮೆ. ನೀವು ಏಳೂವರೆಗೆ ಮನೆಯಲ್ಲೇ ತಿಂಡಿ ತಿನ್ನುವವರಾದರೆ ಇದು ಯಾವುದೂ ಬೇಡ.

ಈಗ ಕಣ್ಣು ಕತ್ತಲೆ ಬರುವ ವಿಷಯ. ಇದನ್ನು ಕೇಳಿದ ಕೂಡಲೇ ಎಲ್ಲರೂ ಹೇಳುವುದು "ಶುಗರ್ ಲೋ ಆಗಿದೆ" ಅಂತ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ಮೊದಲ ಮಾತೂ ಅದೇ. ಆದರೆ ಶುಗರ್ ಮಾತ್ರೆ, ಇನ್ಸುಲಿನ್ ಏನೂ ತಗೊಳ್ಳದ ಆರೋಗ್ಯವಂತರಿಗೆ ಒಂದು ರಾತ್ರಿ ಉಪವಾಸವಿದ್ದು ಒಂದು ಗಂಟೆ ಭಾರ ಎತ್ತಿದ ಮಾತ್ರಕ್ಕೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಲಿವರ್ ಅದನ್ನು ಕಾಯುತ್ತಿರುತ್ತೆ. ತನ್ನಲ್ಲಿರುವ ದಾಸ್ತಾನಿನಿಂದ ಸ್ವಲ್ಪ ಸ್ವಲ್ಪ ಬಿಡುತ್ತೆ, ಸಾಲದಿದ್ದರೆ ಹೊಸದಾಗಿ ತಯಾರಿಸುತ್ತೆ.

ನೀವು ಬರೆದ ರೀತಿಯಲ್ಲೇ ಸುಳಿವು ಇದೆ. ಬಾರ್‌ಬೆಲ್ ಇಟ್ಟ ಕೂಡಲೇ ಬರುತ್ತೆ, ಕೂತರೆ ಅರ್ಧ ನಿಮಿಷದಲ್ಲಿ ಹೋಗುತ್ತೆ. ಸಕ್ಕರೆ ಇಳಿದಿದ್ದರೆ ಸುಮ್ನೆ ಕೂತ ಮಾತ್ರಕ್ಕೆ ಅರ್ಧ ನಿಮಿಷದಲ್ಲಿ ಏರುವುದಿಲ್ಲ. ಆಗ ಕೈ ನಡುಗುತ್ತೆ, ತಣ್ಣನೆ ಬೆವರು ಬರುತ್ತೆ, ವಿಪರೀತ ಹಸಿವಾಗುತ್ತೆ. ಏನಾದರೂ ಸಿಹಿ ಬಾಯಿಗೆ ಬಿದ್ದು ಹತ್ತು ಹದಿನೈದು ನಿಮಿಷ ಆಗುವ ತನಕ ಸುಧಾರಿಸುವುದಿಲ್ಲ. ನಿಮ್ಮದು ರಕ್ತದೊತ್ತಡ ಗಕ್ಕನೆ ಇಳಿಯುವ ಲಕ್ಷಣ. ಭಾರ ಎತ್ತುವಾಗ ಉಸಿರು ಬಿಗಿಹಿಡಿದಿರುತ್ತೀರಿ, ಒತ್ತಡ ಏರಿರುತ್ತೆ. ಇಟ್ಟು ಉಸಿರು ಬಿಟ್ಟ ಕೂಡಲೇ ಅದು ಇಳಿಯುತ್ತೆ. ಅದೇ ಹೊತ್ತಿಗೆ ಕಾಲಿನ ದೊಡ್ಡ ಸ್ನಾಯುಗಳಲ್ಲಿ ರಕ್ತನಾಳಗಳೆಲ್ಲ ಅಗಲವಾಗಿ ತೆರೆದುಕೊಂಡು ರಕ್ತ ಅಲ್ಲೇ ನಿಂತಿರುತ್ತೆ. ತಲೆಗೆ ಹೋಗುವುದು ಕೆಲವು ಸೆಕೆಂಡ್ ಕಡಿಮೆಯಾದರೆ ಸಾಕು, ಕಣ್ಣು ಕತ್ತಲೆ.

ಇದನ್ನು ಜೋರು ಮಾಡುವುದು ನೀರಿನ ಕೊರತೆ. ರಾತ್ರಿ ಒಂಬತ್ತಕ್ಕೆ ಮಜ್ಜಿಗೆ ಕುಡಿದ ಮೇಲೆ ಬೆಳಗ್ಗೆ ಐದೂಮುಕ್ಕಾಲಿನವರೆಗೆ ಹೊಟ್ಟೆಗೆ ನೀರು ಬಿದ್ದಿರುವುದಿಲ್ಲ. ಹಾಸನದ ಚಳಿಗಾಲದ ಬೆಳಗಿನಲ್ಲಿ ಬಾಯಾರಿಕೆಯೂ ಆಗುವುದಿಲ್ಲ, ಕುಡಿಯುವ ನೆನಪೂ ಆಗುವುದಿಲ್ಲ. ಬೆಳಗ್ಗೆ ಮೂತ್ರ ಕಡು ಹಳದಿ ಇದೆಯೇ ನೋಡಿ. ಇದ್ದರೆ ಎದ್ದ ಕೂಡಲೇ ಒಂದೂವರೆ ಲೋಟ, ಅಂದರೆ ಸುಮಾರು 300 ಎಂ.ಎಲ್. ಬೆಚ್ಚಗಿನ ನೀರು ಕುಡಿಯಿರಿ. ಒಂದೇ ಸಲ ಗಟಗಟ ಬೇಡ, ಕಾಲು ಗಂಟೆಯಲ್ಲಿ ಮುಗಿಸಿ. ಜಿಮ್‌ನಲ್ಲಿ ಸೆಟ್ ಮುಗಿದ ಮೇಲೆ ಮರದ ಕಂಬದಂತೆ ನಿಂತುಬಿಡಬೇಡಿ, ಹತ್ತು ಹೆಜ್ಜೆ ಅತ್ತಿತ್ತ ನಡೆಯಿರಿ. ಕಾಲು ಆಡಿದರೆ ಅಲ್ಲಿ ನಿಂತ ರಕ್ತ ಮೇಲೇರುತ್ತೆ. ಸ್ಕ್ವಾಟ್‌ನಲ್ಲಿ ಮೇಲೇಳುವಾಗ ಉಸಿರು ಬಿಡಿ. ಇಷ್ಟು ಮಾಡಿದರೆ ಬಹಳ ಮಂದಿಗೆ ಕಣ್ಣು ಕತ್ತಲೆ ಬರುವುದು ನಿಂತೇ ಹೋಗುತ್ತೆ. ಬಾಳೆಹಣ್ಣೂ ಬೇಡ, ಬಾರೂ ಬೇಡ.

ನಿಲ್ಲದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬರುವುದನ್ನು "ವಯಸ್ಸಾಯ್ತು" ಅಂತ ತಳ್ಳಿಹಾಕುವವರೇ ಜಾಸ್ತಿ. ನಿಜವಾಗಿ ಪ್ರಜ್ಞೆ ತಪ್ಪಿದರೆ, ಎದೆ ಹಿಡಿದಂತಾದರೆ, ಕೂತ ಮೇಲೂ ಎದೆಬಡಿತ ತಪ್ಪಿ ತಪ್ಪಿ ಹೊಡೆದರೆ ಆಹಾರ ತಜ್ಞರ ಹತ್ತಿರ ಬರಬೇಡಿ, ಡಾಕ್ಟರ ಹತ್ತಿರ ಹೋಗಿ.

ಕಾಲಿನ ಶಕ್ತಿಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬಾರ್‌ನದ್ದಲ್ಲ, ಮುದ್ದೆ ಬಿಟ್ಟದ್ದು.

ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಕಾರ್ಬೋಹೈಡ್ರೇಟ್ ದೇಹದಲ್ಲಿ ಗ್ಲೈಕೋಜನ್ ಆಗಿ ಎರಡು ಕಡೆ ಸೇರುತ್ತೆ. ಲಿವರ್‌ನಲ್ಲಿ ಸುಮಾರು 80ರಿಂದ 100 ಗ್ರಾಂ, ಸ್ನಾಯುಗಳಲ್ಲಿ ಎಲ್ಲ ಸೇರಿ 300ರಿಂದ 500 ಗ್ರಾಂ. ಎರಡರ ಕೆಲಸ ಬೇರೆ. ಲಿವರ್‌ನಲ್ಲಿರುವುದು ಮಿದುಳಿಗೆ, ರಕ್ತಕ್ಕೆ ಸಕ್ಕರೆ ಒದಗಿಸುತ್ತೆ. ಮಿದುಳು ನಿದ್ದೆಯಲ್ಲೂ ಗಂಟೆಗೆ ಸುಮಾರು 5 ಗ್ರಾಂ ಗ್ಲೂಕೋಸ್ ತಿನ್ನುತ್ತಿರುತ್ತೆ, ಹಾಗಾಗಿ ಬೆಳಗಾಗುವ ಹೊತ್ತಿಗೆ ಲಿವರ್‌ನ ದಾಸ್ತಾನು ಬಹಳಷ್ಟು ಖಾಲಿ. ಸ್ನಾಯುವಿನಲ್ಲಿರುವುದು ಹಾಗಲ್ಲ. ಅದು ಅದೇ ಸ್ನಾಯುವಿಗೆ ಮಾತ್ರ, ಹೊರಗೆ ಬರುವುದಿಲ್ಲ. ಮಲಗಿದ್ದಾಗ ಕಾಲು ಕೆಲಸ ಮಾಡುವುದಿಲ್ಲ, ಹಾಗಾಗಿ ರಾತ್ರಿ ತೊಡೆಯಲ್ಲಿ ತುಂಬಿದ್ದು ಬೆಳಗ್ಗೆಯೂ ಹಾಗೇ ಇರುತ್ತೆ.

ಸ್ಕ್ವಾಟ್, ಲಂಜ್, ಲೆಗ್ ಪ್ರೆಸ್ ಎಲ್ಲ ಓಡುವುದು ಈ ತೊಡೆಯ ದಾಸ್ತಾನಿನಲ್ಲಿ. ಒಂದು ಗಟ್ಟಿ ಸೆಷನ್‌ನಲ್ಲಿ ಕೆಲಸ ಮಾಡಿದ ಸ್ನಾಯುವಿನ ಗ್ಲೈಕೋಜನ್ ಮೂರನೇ ಒಂದು ಭಾಗದಷ್ಟು ಖರ್ಚಾಗಬಹುದು. ಅದನ್ನು ಮತ್ತೆ ತುಂಬಲು ಊಟದ ಕಾರ್ಬ್ ಬೇಕು, ಸಮಯವೂ ಬೇಕು. ಐದೂಕಾಲಿಗೆ ತಿಂದ ಬಾಳೆಹಣ್ಣು ಐದೂಮುಕ್ಕಾಲಿಗೆ ತೊಡೆಯಲ್ಲಿ ಗ್ಲೈಕೋಜನ್ ಆಗಿ ಕೂರುವುದಿಲ್ಲ. ರಕ್ತಕ್ಕೆ ಬಂದು ಕೈಗೆ ಸಿಗುವಷ್ಟು ಸಿಗುತ್ತೆ, ಲಿವರ್‌ನ ಹೊರೆ ಇಳಿಸುತ್ತೆ. ತೊಡೆ ತುಂಬಬೇಕಾದದ್ದು ಹಿಂದಿನ ಮಧ್ಯಾಹ್ನ ಮತ್ತು ರಾತ್ರಿ.

ನಿಮ್ಮ ಲೆಕ್ಕ ಹಾಕಿ ನೋಡೋಣ. ಮಧ್ಯಮ ಗಾತ್ರದ ಒಂದು ಮುದ್ದೆಗೆ ಸುಮಾರು 80 ಗ್ರಾಂ ರಾಗಿ ಹಿಟ್ಟು ಬೀಳುತ್ತೆ. ಅದರಲ್ಲಿ 55 ಗ್ರಾಂ ಆಸುಪಾಸು ಕಾರ್ಬ್. ಅದನ್ನು ತೆಗೆದು ಒಂದು ಬಟ್ಟಲು ಹೆಸರುಕಾಳು ಉಸಲಿ ಇಟ್ಟಿದ್ದೀರಿ. ಅದರಲ್ಲೂ ಕಾರ್ಬ್ ಇದೆ, ಆದರೆ 30-35 ಗ್ರಾಂ ದಾಟುವುದಿಲ್ಲ. ಮುದ್ದೆಯ ಜೊತೆ ಮೊದಲು ಸಾರಿನ ಬೇಳೆ, ಸ್ವಲ್ಪ ಅನ್ನವೂ ಇರುತ್ತಿತ್ತು ಅಲ್ವಾ? ಹಾಗಾಗಿ ರಾತ್ರಿಯ ಕಾರ್ಬ್ ಅರ್ಧಕ್ಕಿಂತ ಕೆಳಗೆ ಬಂದಿದೆ. ವಾರದಲ್ಲಿ ಎರಡು ಸಲ ಕಾಲಿನ ವ್ಯಾಯಾಮ, ಎರಡು ತಿಂಗಳಿಂದ ತುಂಬುವುದು ಕಡಿಮೆ. ಕೊನೆಯ ಸೆಟ್‌ಗೆ ಕಾಲು ಬತ್ತಿಹೋಗುವುದರಲ್ಲಿ ಆಶ್ಚರ್ಯ ಇಲ್ಲ. ಮುದ್ದೆ ಬಿಟ್ಟು, ಅದರಿಂದ ಬಂದ ಸುಸ್ತಿಗೆ ದುಬಾರಿ ಬಾರ್ ತಿನ್ನುತ್ತಿದ್ದೀರಿ. ಹಾಸನದಲ್ಲಿ ಕೂತು ಮುದ್ದೆಗೆ ಹೆದರುವ ಕಾಲ ಬಂತಲ್ಲ ಅಂತ ನನಗೆ ಕೆಲವೊಮ್ಮೆ ನಗು ಬರುತ್ತೆ.

ಮುದ್ದೆ ವಾಪಸ್ ತಂದರೆ ತೂಕ ಏರುತ್ತಾ? ಪೂರ್ತಿ ದಿನದ ಊಟ ಜಾಸ್ತಿಯಾದರೆ ಏರುತ್ತೆ, ಮುದ್ದೆಯಿಂದ ಅಂತ ಏರುವುದಿಲ್ಲ. ಕಾಲಿನ ವ್ಯಾಯಾಮದ ಹಿಂದಿನ ರಾತ್ರಿ ಒಂದು ಮಧ್ಯಮ ಮುದ್ದೆ, ಕಾಳಿನ ಸಾರು, ಒಂದು ಪಲ್ಯ ತಿನ್ನಿ. ಉಳಿದ ರಾತ್ರಿ ಅರ್ಧ ಮುದ್ದೆ ಸಾಕು. ಸಂಜೆ ಸ್ಟಾಫ್ ರೂಮಿನ ಕೋಡುಬಳೆ, ಬಿಸ್ಕತ್ತು ಬಿಟ್ಟರೆ ಆ ಅರ್ಧ ಮುದ್ದೆಯ ಲೆಕ್ಕ ಅಲ್ಲೇ ಸರಿಹೋಗುತ್ತೆ. ಊಟ ಎಂಟಕ್ಕೆ ಮುಗಿಯಲಿ. ಹತ್ತಕ್ಕೆ ಉಂಡು ಐದಕ್ಕೆ ಎದ್ದರೆ ಬೆಳಗ್ಗೆ ಹೊಟ್ಟೆ ಭಾರ, ನಿದ್ದೆಯೂ ಹಾಳು. ಮುದ್ದೆ ವಾಪಸ್ ಬಂದ ಮೊದಲ ವಾರ ತೂಕದ ಯಂತ್ರದಲ್ಲಿ ಅರ್ಧದಿಂದ ಒಂದು ಕೆ.ಜಿ. ಹೆಚ್ಚು ತೋರಿಸಿದರೆ ಹೆದರಬೇಡಿ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕೂರುತ್ತೆ. ಅದು ಕೊಬ್ಬಲ್ಲ. ಕಾರ್ಬ್ ಬಿಟ್ಟ ಮೊದಲ ವಾರ ಸರಸರ ಇಳಿದ ತೂಕದಲ್ಲಿ ಬಹುಪಾಲು ಇದೇ ನೀರು ಆಗಿತ್ತು.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿದರೆ ಕೊಬ್ಬು ಜಾಸ್ತಿ ಕರಗುತ್ತೆ ಅನ್ನುವ ಮಾತನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಒಂದು ಗಂಟೆಯ ಮಟ್ಟಿಗೆ ನಿಜ. ಇನ್ಸುಲಿನ್ ಕಡಿಮೆ ಇರುವುದರಿಂದ ಕೊಬ್ಬು ಸ್ವಲ್ಪ ಹೆಚ್ಚು ಉರಿಯುತ್ತೆ. ಆದರೆ ಉಳಿದ ಹೊತ್ತಿನಲ್ಲಿ ದೇಹ ಅದನ್ನು ಸರಿದೂಗಿಸಿಕೊಳ್ಳುತ್ತೆ. ವಾರಗಟ್ಟಲೆ ಹೋಲಿಸಿ ನೋಡಿದಾಗ, ದಿನದ ಊಟ ಒಂದೇ ಇದ್ದರೆ, ತಿಂದು ಮಾಡಿದವರಿಗೂ ಖಾಲಿ ಹೊಟ್ಟೆಯಲ್ಲಿ ಮಾಡಿದವರಿಗೂ ಕೊಬ್ಬು ಒಂದೇ ತರ ಇಳಿದಿದೆ. ಹಾಗಾಗಿ ನಿಮಗೆ ಖಾಲಿ ಹೊಟ್ಟೆಯೇ ಹಿತ ಅನ್ನಿಸುವ ದಿನ ಹಾಗೇ ಹೋಗಿ. ಕೈ, ಭುಜದ ವ್ಯಾಯಾಮದ ದಿನ, ಬರೀ ಟ್ರೆಡ್‌ಮಿಲ್‌ನಲ್ಲಿ ನಡೆಯುವ ದಿನ, ರಾತ್ರಿ ಊಟ ಚೆನ್ನಾಗಿದ್ದರೆ ನೀರಷ್ಟೇ ಸಾಕು.

ಕಾಲಿನ ದಿನ, ಅಥವಾ ಒಂದು ಗಂಟೆ ಮೀರಿ ಮಾಡುವ ದಿನ, ಹೊರಡುವ ಮುಂಚೆ 20ರಿಂದ 25 ಗ್ರಾಂ ಸುಲಭದ ಕಾರ್ಬ್ ತಗೊಳ್ಳಿ. ಪಚ್ಚಬಾಳೆ ಒಂದು, ಏಲಕ್ಕಿ ಬಾಳೆಯಾದರೆ ಎರಡು. ಹಣ್ಣು ಚೆನ್ನಾಗಿ ಮಾಗಿರಲಿ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿದ್ದರೆ ಒಳ್ಳೆಯದು. ಅರೆಗಾಯಿಯಲ್ಲಿ ಬೇಗ ಜೀರ್ಣವಾಗದ ಪಿಷ್ಟ ಇರುತ್ತೆ, ಅದಕ್ಕೂ ಹೊಟ್ಟೆ ಗುಡುಗುಡು ಅನ್ನುತ್ತೆ. ಬಾಳೆಹಣ್ಣಿನಿಂದ ಶೀತ ಬರುವುದಿಲ್ಲ, ಶೀತ ಬರುವುದು ವೈರಸ್‌ನಿಂದ. ಆದರೆ ಐದು ಗಂಟೆಗೆ ಅಡುಗೆಮನೆಯಲ್ಲಿ ನಿಂತು ಅತ್ತೆಯವರ ಜೊತೆ ವಾದ ಮಾಡುವುದಕ್ಕಿಂತ ನಾಲ್ಕು ಸಣ್ಣ ಖರ್ಜೂರ ತಿಂದು ಹೊರಡುವುದು ಸುಲಭ. ಕಾರ್ಬ್ ಅಷ್ಟೇ ಸಿಗುತ್ತೆ.

ಹಾಸನದವರಾಗಿ ಆಲೂಗಡ್ಡೆ ಮರೆಯಬಾರದು. ಮುಷ್ಟಿಗಾತ್ರಕ್ಕಿಂತ ಸ್ವಲ್ಪ ಚಿಕ್ಕದೊಂದನ್ನು ರಾತ್ರಿಯೇ ಬೇಯಿಸಿಟ್ಟು, ಬೆಳಗ್ಗೆ ಸಿಪ್ಪೆ ತೆಗೆದು ಚಿಟಿಕೆ ಉಪ್ಪು ಹಾಕಿ ತಿಂದರೆ ಸುಮಾರು 20 ಗ್ರಾಂ ಕಾರ್ಬ್, ಕೊಬ್ಬಿಲ್ಲ. ಚಿಕ್ಕಮಗಳೂರು ಕಡೆಯ ನನ್ನ ಪರಿಚಯದ ಒಬ್ಬರು ರಾತ್ರಿಯ ಕಡುಬು ಒಂದನ್ನು ಮುರಿದು ಬೆಲ್ಲ ಸವರಿ ತಿಂದು ಹೋಗುತ್ತಾರೆ. ಚಟ್ನಿ, ತುಪ್ಪ ಬೇಡ ಅಂತ ಮಾತ್ರ ಹೇಳಿದ್ದೇನೆ, ಕೊಬ್ಬು ಮತ್ತೆ ಹೊಟ್ಟೆಯಲ್ಲಿ ಕೂರುತ್ತೆ. ರಾಗಿ ಅಂಬಲಿ ಕುಡಿಯುವವರು ಎರಡು ಮೂರು ಚಮಚ ಹಿಟ್ಟಿನ ತೆಳು ಅಂಬಲಿ ಮಾಡಿಕೊಳ್ಳಬಹುದು, ಆದರೆ ನಾರು ಇರುವುದರಿಂದ ಮುಕ್ಕಾಲು ಗಂಟೆಯಾದರೂ ಬಿಡುವು ಕೊಡಬೇಕು. ಹುರಿಗಡಲೆ ಪ್ರೋಟೀನ್ ಅಂದುಕೊಂಡು ಜೇಬಲ್ಲಿ ಹಾಕಿಕೊಂಡು ಬರುವವರಿಗೆ ಒಂದು ವಿಷಯ: ಒಂದು ಹಿಡಿಯಲ್ಲಿ, ಅಂದರೆ 30 ಗ್ರಾಂನಲ್ಲಿ, ಪ್ರೋಟೀನ್ 6 ಗ್ರಾಂ, ಕಾರ್ಬ್ ಅದರ ಮೂರರಷ್ಟು. ಹಿಟ್ಟು ಹಿಟ್ಟಾಗಿ ಬಾಯಿ ಒಣಗಿಸುವುದರಿಂದ ಜಿಮ್‌ಗೆ ಮುಂಚೆ ನಾನು ಅದನ್ನು ಹೇಳುವುದಿಲ್ಲ.

ಸಕ್ಕರೆ ಪಾನಕ, ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯುವುದು ಕೆಲವರ ರೂಢಿ. ಅರ್ಧ ಗಂಟೆ ಮುಂಚೆ ಬರೀ ಸಕ್ಕರೆ ಕುಡಿದರೆ ಇನ್ಸುಲಿನ್ ಏರಿ, ವ್ಯಾಯಾಮ ಶುರುವಾದ ಹದಿನೈದು ನಿಮಿಷಕ್ಕೆ ಸಕ್ಕರೆ ಸ್ವಲ್ಪ ಕೆಳಗೆ ಜಾರಬಹುದು. ಹೆಚ್ಚಿನವರಿಗೆ ಅದು ಗೊತ್ತೇ ಆಗದೆ ತಾನಾಗಿ ಸರಿಹೋಗುತ್ತೆ. ಒಬ್ಬಿಬ್ಬರಿಗೆ ಮಾತ್ರ ನಡುಕ ಬರುತ್ತೆ. ಅಂಥವರು ವಾರ್ಮಪ್ ಶುರು ಮಾಡಲು ಐದು ನಿಮಿಷ ಇರುವಾಗ ತಗೊಂಡರೆ ತೊಂದರೆ ಇರುವುದಿಲ್ಲ.

ಕಾಫಿ ಬಗ್ಗೆ ನೀವು ಕೇಳಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಐದಕ್ಕೆ ಎದ್ದವರು ಕಾಫಿ ಕುಡಿಯದೆ ಹೊರಡುವುದು ಎಲ್ಲಿ? ಅರ್ಧ ಲೋಟ ಫಿಲ್ಟರ್ ಕಾಫಿ ಒಳ್ಳೆಯದೇ. ಕೆಫೀನ್ ಭಾರ ಹಗುರ ಅನ್ನಿಸುವ ಹಾಗೆ ಮಾಡುತ್ತೆ, ಚಿಕೋರಿ ಜಾಸ್ತಿ ಇದ್ದರೆ ಕೆಫೀನ್ ಕಡಿಮೆ. ಹುಳಿತೇಗು ಇರುವವರು ಖಾಲಿ ಹೊಟ್ಟೆಗೆ ಬೇಡ, ಖರ್ಜೂರದ ನಂತರ ಕುಡಿಯಲಿ. ನೀರಿನ ಬದಲು ಕಾಫಿ ಅಂತ ಮಾತ್ರ ಆಗಬಾರದು.

ಈಗ ಬಾರ್ ತೆಗೆದರೆ ಹೋದ 20 ಗ್ರಾಂ ಪ್ರೋಟೀನನ್ನು ಎಲ್ಲಿ ಇಡೋಣ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ಪ್ರತಿ ಕೆ.ಜಿ.ಗೆ 0.83 ಗ್ರಾಂ. ನಿಮ್ಮ ತೂಕಕ್ಕೆ 51 ಗ್ರಾಂ. ಭಾರ ಎತ್ತುವವರಿಗೆ ಅದು ಸಾಲದು, 1.4ರಿಂದ 1.6 ಗ್ರಾಂ ಇಟ್ಟುಕೊಂಡರೆ ದಿನಕ್ಕೆ 85ರಿಂದ 100 ಗ್ರಾಂ. ನಮ್ಮ ಊಟದಲ್ಲಿ ಸೋರುವುದು ಬೆಳಗಿನ ತಿಂಡಿಯಲ್ಲೇ. ಮೂರು ಇಡ್ಲಿ, ಚಟ್ನಿ ಅಂದರೆ 8 ಗ್ರಾಂ ಸಿಕ್ಕರೆ ಹೆಚ್ಚು. ಜಿಮ್‌ನಿಂದ ಬಂದು ಏಳೂವರೆಗೆ ಎರಡು ಇಡ್ಲಿ, ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು ಇಟ್ಟುಕೊಂಡರೆ 24-25 ಗ್ರಾಂ ಆಗುತ್ತೆ. ಸೋಮವಾರ, ಶನಿವಾರ ಮೊಟ್ಟೆಯ ಬದಲು ಒಂದು ಸ್ಕೂಪ್ ವೇ ಪುಡಿ, ಅಥವಾ ಹೆಸರುಬೇಳೆ ದೋಸೆಗೆ 50 ಗ್ರಾಂ ಪನೀರ್ ತುರಿದು ಹಾಕಿ, ಜೊತೆಗೆ ಹಾಲು. ಮಧ್ಯಾಹ್ನದ ಡಬ್ಬಿಗೆ ಅನ್ನ ಒಂದು ಸೌಟು ಕಡಿಮೆ ಮಾಡಿ ಕಾಳು ಒಂದು ಸೌಟು ಜಾಸ್ತಿ, ಗಟ್ಟಿ ಮೊಸರು ಒಂದು ಬಟ್ಟಲು. ಸಂಜೆ ನಾಲ್ಕಕ್ಕೆ ಬೇಯಿಸಿದ ಶೇಂಗಾ, ಅಥವಾ ಈಗಾಗಲೇ ಕೊಂಡಿಟ್ಟ ಬಾರ್. ಆ ಹೊತ್ತಿಗೆ ಅದು ಒಳ್ಳೆಯ ತಿಂಡಿಯೇ. ಕಿಡ್ನಿ ತೊಂದರೆ ಇರುವವರು ಈ ಪ್ರಮಾಣವನ್ನು ಡಾಕ್ಟರನ್ನು ಕೇಳದೆ ಅನುಸರಿಸಬಾರದು.

ಎಲ್ಲವನ್ನೂ ಸೋಮವಾರದಿಂದ ಒಟ್ಟಿಗೆ ಬದಲಿಸಬೇಡಿ. ಹಾಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮೊದಲ ವಾರ ಬಾರ್ ಬಿಟ್ಟು ನೀರು ಮಾತ್ರ ಕುಡಿದು ಹೋಗಿ, ವಾಕರಿಕೆ, ಕಣ್ಣು ಕತ್ತಲೆ ಎರಡೂ ಏನಾದವು ನೋಡಿ. ಎರಡನೇ ವಾರ ಕಾಲಿನ ದಿನದ ಹಿಂದಿನ ರಾತ್ರಿ ಮುದ್ದೆ ಸೇರಿಸಿ. ಅದೇ ಭಾರದಲ್ಲಿ ಕೊನೆಯ ಸೆಟ್‌ನಲ್ಲಿ ಎಷ್ಟು ಸಲ ಎದ್ದಿರಿ ಅಂತ ಬರೆದಿಟ್ಟುಕೊಳ್ಳಿ. ಎಂಟು ಆಗುತ್ತಿದ್ದದ್ದು ಹತ್ತಾದರೆ ಉತ್ತರ ಸಿಕ್ಕಿತು. ಆಗದಿದ್ದರೆ ಮೂರನೇ ವಾರ ಬೆಳಗಿನ ಹಣ್ಣು. ನನ್ನ ಅಂದಾಜಿನಲ್ಲಿ ನಿಮಗೆ ಎರಡನೇ ವಾರಕ್ಕೇ ಬಹಳಷ್ಟು ಸರಿಹೋಗುತ್ತೆ.

ನಿಮ್ಮ ಯಜಮಾನರ ವಿಷಯ ಪೂರ್ತಿ ಬೇರೆ. ನಿಮಗೆ ಹೇಳಿದ್ದನ್ನು ಅವರಿಗೆ ಹಾಗೇ ದಾಟಿಸಬೇಡಿ. ಮೊದಲು ಮಾತ್ರೆಯ ಹೆಸರು ನೋಡಿ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ಗಕ್ಕನೆ ಕುಸಿಯುವ ಭಯ ಕಡಿಮೆ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಇದ್ದರೆ, ಇನ್ಸುಲಿನ್ ಇದ್ದರೆ, ಭಯ ನಿಜವಾದದ್ದು. ಈ ಎರಡು ಮಾತ್ರೆಗಳು ಊಟ ಬಿದ್ದಿದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಬಿಡಿಸುತ್ತವೆ. ಅನೇಕ ಕಡೆ ಒಂದೇ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಸೇರಿರುತ್ತೆ, ಹಾಗಾಗಿ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಲೇಬೇಕು.

ಅಂಥ ಮಾತ್ರೆ ಇದ್ದವರು ಹೊರಡುವ ಮುಂಚೆ ಮನೆಯಲ್ಲೇ ಬೆರಳು ಚುಚ್ಚಿ ಶುಗರ್ ನೋಡಿಕೊಳ್ಳಲಿ. 100ಕ್ಕಿಂತ ಕೆಳಗಿದ್ದರೆ ಒಂದು ಬಾಳೆಹಣ್ಣು ತಿಂದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ ಹೊರಡಲಿ. 120-150 ಇದ್ದರೆ ಏನೂ ತಿನ್ನದೆ ಹೋಗಬಹುದು. ಬೆಳಗ್ಗೆ ಎದ್ದಾಗಲೇ 180-200 ಇರುವವರಿಗೆ ಬಾಳೆಹಣ್ಣು, ಖರ್ಜೂರ ಎರಡೂ ಬೇಡ. ಬೆಳಗಿನ ಜಾವದ ಹಾರ್ಮೋನುಗಳಿಂದ ಲಿವರ್ ಆಗಲೇ ಬೇಕಾದಷ್ಟು ಸಕ್ಕರೆ ಬಿಟ್ಟಿರುತ್ತೆ. ಭಾರ ಎತ್ತಿದ ಮೇಲೆ ಅದು ಇನ್ನೂ ಇಪ್ಪತ್ತು ಮೂವತ್ತು ಏರಿದ್ದು ಕಂಡರೆ ಗಾಬರಿ ಬೇಡ, ಇಳಿಯುತ್ತೆ. 250 ಮೀರಿ, ಜೊತೆಗೆ ಮೈ ಸರಿಯಿಲ್ಲ, ಬಾಯಿ ಒಣಗುತ್ತೆ ಅಂದರೆ ಆ ದಿನ ಜಿಮ್ ಬೇಡ. ಜೇಬಲ್ಲಿ ಗ್ಲೂಕೋಸ್ ಮಾತ್ರೆ ಅಥವಾ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ. ಬಾರ್ ಅಲ್ಲ, ಸಕ್ಕರೆ ಕುಸಿದಾಗ ಬಾರ್ ಕೆಲಸಕ್ಕೆ ಬರುವಷ್ಟು ಬೇಗ ಕರಗುವುದಿಲ್ಲ. ಕುಸಿತ ಜಿಮ್‌ನಲ್ಲೇ ಆಗಬೇಕೆಂದಿಲ್ಲ, ಹನ್ನೊಂದು ಗಂಟೆಗೆ ಆಫೀಸಿನಲ್ಲೂ ಆಗಬಹುದು, ರಾತ್ರಿಯೂ ಆಗಬಹುದು.

ಇನ್ನೊಂದು ವಿಷಯ ಇವತ್ತೇ ಕೇಳಿನೋಡಿ. "ಖಾಲಿ ಹೊಟ್ಟೆಗೆ" ಅಂತ ಚೀಟಿಯಲ್ಲಿ ಬರೆದಿದೆ ಅಂತ ಕೆಲವರು ಐದಕ್ಕೇ ಮಾತ್ರೆ ನುಂಗಿ ಜಿಮ್‌ಗೆ ಬರುತ್ತಾರೆ, ತಿಂಡಿ ಏಳೂವರೆಗೆ. ಗ್ಲಿಮೆಪಿರೈಡ್ ತಗೊಳ್ಳಬೇಕಾದದ್ದು ದಿನದ ಮೊದಲ ದೊಡ್ಡ ತಿಂಡಿಯ ಜೊತೆಗೆ. ಮಾತ್ರೆ, ವ್ಯಾಯಾಮ, ಖಾಲಿ ಹೊಟ್ಟೆ ಮೂರೂ ಒಂದೇ ಹೊತ್ತಿಗೆ ಕೂಡಿದರೆ ಆಗ ಬರುವುದು ನಿಜವಾದ ಕುಸಿತ. ಅವರು ಐದಕ್ಕೆ ನುಂಗುತ್ತಿದ್ದರೆ, ಜಿಮ್ ಮುಗಿದ ಮೇಲಿನ ತಿಂಡಿಗೆ ಸರಿಸಬಹುದೇ, ಪ್ರಮಾಣ ಬದಲಾಗಬೇಕೇ ಅಂತ ಅವರ ಡಾಕ್ಟರನ್ನು ಕೇಳಿ. ಹೋಗುವಾಗ ಒಂದು ವಾರದ ಬೆಳಗಿನ ರೀಡಿಂಗ್‌ಗಳನ್ನು, ಜಿಮ್‌ಗೆ ಮುಂಚೆಯದು ಮತ್ತು ಬಂದ ಮೇಲಿನದು, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಲಿ.